ಮೂಗಿನ ಪಟ್ಟಿಗೆ ಅಂಟಿ ಬಂದದ್ದು ಕೊಳೆಯಲ್ಲ

ಮೊಡವೆಗೆಂದು ಚರ್ಮವೈದ್ಯರು ಬರೆದುಕೊಟ್ಟ ಅಡಾಪಲೀನ್ 0.1% ಜೆಲ್ಲನ್ನು ಎರಡು ತಿಂಗಳಿಂದ ಪ್ರತಿ ರಾತ್ರಿ ಹಚ್ಚಿಕೊಳ್ಳುತ್ತಿದ್ದ ನಾನು, ನೆಂಟರ ಮದುವೆಯ ಹಿಂದಿನ ಸಂಜೆ ಮುಖ ಹೊಳೆಯಲೆಂಬ ಆಸೆಗೆ ಮೂಗಿನ ಪಟ್ಟಿ, ಇದ್ದಿಲಿನ ಪೀಲ್-ಆಫ್ ಮಾಸ್ಕ್, ಸ್ಲೀಪಿಂಗ್ ಮಾಸ್ಕ್ ಮೂರನ್ನೂ ಒಂದರ ಮೇಲೊಂದು ಬಳಸಿ, ಎಡಗೆನ್ನೆಯ ಮೇಲೆ ನಾಣ್ಯದಗಲದ ಕಂದು ಕಲೆಯನ್ನು ನಾಲ್ಕು ತಿಂಗಳು ಹೊತ್ತು ತಿರುಗಬೇಕಾಯಿತು.

ಮೂಗನ್ನು ಒದ್ದೆ ಮಾಡಿ ಪಟ್ಟಿ ಅಂಟಿಸಿ, ಹದಿನೈದು ನಿಮಿಷದ ನಂತರ ಕಿತ್ತಾಗ ಅದರ ಮೇಲೆ ಸಣ್ಣ ಮುಳ್ಳುಗಳಂತೆ ಎದ್ದು ನಿಂತದ್ದನ್ನು ಕಂಡು ನಾನು ಹಿಗ್ಗಿದ್ದೆ. ಅವುಗಳಲ್ಲಿ ಬಹುಪಾಲು ಬ್ಲ್ಯಾಕ್‌ಹೆಡ್ ಅಲ್ಲ, ಚರ್ಮದ ಎಣ್ಣೆಯನ್ನು ಹೊರತರುವ ಸೆಬಾಸಿಯಸ್ ಫಿಲಮೆಂಟ್‌ಗಳು ಎಂದು ವೈದ್ಯರು ಆಮೇಲೆ ತಿಳಿಸಿದರು. ಅವು ಎಲ್ಲರ ಮೂಗಿನಲ್ಲೂ ಇರುತ್ತವೆ, ಕಿತ್ತರೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ, ರಂಧ್ರವಂತೂ ಕಿರಿದಾಗುವುದಿಲ್ಲ. ಬೂದುಬಣ್ಣದ ಚುಕ್ಕೆಗಳು ಒಂದೇ ಸಮನಾಗಿ ಮೂಗಿನ ತುಂಬ ಹರಡಿದ್ದರೆ ಅವು ಫಿಲಮೆಂಟ್‌ಗಳೇ. ಬ್ಲ್ಯಾಕ್‌ಹೆಡ್ ಹೆಚ್ಚು ಕಪ್ಪಾಗಿ, ಬಿಡಿಬಿಡಿಯಾಗಿ, ರಂಧ್ರಕ್ಕೆ ಬಿರಡೆ ಹಾಕಿದಂತೆ ಕಾಣುತ್ತದೆ.

ನಿಜವಾದ ಹಾನಿ ಆದದ್ದು ಪೀಲ್-ಆಫ್ ಮಾಸ್ಕಿನಿಂದ. ಇಂಥವು ಸಾಮಾನ್ಯವಾಗಿ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಅಂಟಿನಿಂದ ತಯಾರಾಗುತ್ತವೆ. ಒಣಗಿ ಪೊರೆಯಾದ ಮೇಲೆ ಎಳೆದರೆ ನವಿರುಗೂದಲೂ ಚರ್ಮದ ಮೇಲ್ಪದರವೂ ಜೊತೆಗೇ ಬರುತ್ತವೆ. ಇದ್ದಿಲು ಕೊಳೆಯನ್ನು ಹೀರುತ್ತದೆಂದು ಟ್ಯೂಬಿನ ಮೇಲೆ ಬರೆದಿತ್ತಾದರೂ, ಅಂಟಿನೊಳಗೆ ಸಿಕ್ಕಿಕೊಂಡ ಇದ್ದಿಲು ರಂಧ್ರದ ಆಳಕ್ಕೆ ಇಳಿಯುವ ಬಗೆ ನನಗಂತೂ ಅರ್ಥವಾಗಿಲ್ಲ. ಅಡಾಪಲೀನ್, ಟ್ರೆಟಿನಾಯಿನ್‌ನಂತಹ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಬಗೆಯ ಔಷಧಿ ಹಚ್ಚುವವರ ಮೇಲ್ಪದರ ಮೊದಲೇ ಸೂಕ್ಷ್ಮವಾಗಿರುವುದರಿಂದ, ಅವರಿಗೆ ವ್ಯಾಕ್ಸಿಂಗ್ ಬೇಡವೆನ್ನುವ ಕಾರಣವೇ ಈ ಮಾಸ್ಕಿಗೂ ಅನ್ವಯಿಸುತ್ತದೆ. ನನ್ನ ಕೆನ್ನೆಯ ಚರ್ಮ ಪೊರೆಯೊಂದಿಗೇ ಎದ್ದು ಬಂದು, ಕೆಳಗೆ ಕೆಂಪಾಗಿ ಜಿನುಗತೊಡಗಿತು.

ಆ ಉರಿ ತಣಿಯಲೆಂದು ಹಚ್ಚಿದ ಸ್ಲೀಪಿಂಗ್ ಮಾಸ್ಕಿನಲ್ಲಿ ಚರ್ಮದ ಮೇಲ್ಪದರವನ್ನು ಸಡಿಲಿಸಿ ಉದುರಿಸುವ ಗ್ಲೈಕಾಲಿಕ್ ಆಮ್ಲವಿದ್ದುದನ್ನು ನಾನು ಓದಿರಲಿಲ್ಲ. ಆಮ್ಲವಿಲ್ಲದ ಸ್ಲೀಪಿಂಗ್ ಮಾಸ್ಕ್ ಎಂದರೆ ಗ್ಲಿಸರಿನ್, ಡೈಮೆಥಿಕೋನ್‌ಗಳಿಂದ ತೇವವನ್ನು ಹಿಡಿದಿಡುವ, ಸ್ವಲ್ಪ ದಪ್ಪನೆಯ ಮಾಯಿಶ್ಚರೈಸರ್ ಅಷ್ಟೇ. ಒಣಚರ್ಮದವರಿಗೆ ಬೆಳಗಿನವರೆಗೆ ಮೃದುತನ ಕೊಡುತ್ತದೆ, ಬೆಲೆಗೆ ತಕ್ಕ ಬೇರೆ ಪವಾಡವೇನೂ ಅದರಲ್ಲಿಲ್ಲ. ಆದರೆ ಸುಲಿದ ಚರ್ಮದ ಮೇಲೆ ಆಮ್ಲ ರಾತ್ರಿಯಿಡೀ ಕುಳಿತರೆ ಏನಾಗುತ್ತದೆಂಬುದನ್ನು ನನ್ನ ಕೆನ್ನೆಯೇ ಹೇಳಿತು.

ವೈದ್ಯರು ಗಾಯ ಮಾಯುವವರೆಗೆ ಜೆಲ್ ನಿಲ್ಲಿಸಿ, ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಲು ಹೇಳಿದರು. ಆಮೇಲೆ ದಿನವೂ ಸನ್‌ಸ್ಕ್ರೀನ್, ಏಕೆಂದರೆ ನಮ್ಮಂಥ ಗೋಧಿಬಣ್ಣದ ಚರ್ಮದಲ್ಲಿ ಉರಿಯೂತ ಇಳಿದರೂ ಕಲೆ ಉಳಿಯುತ್ತದೆ, ಬಿಸಿಲು ಅದನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಈಗಾಗಲೇ ಪೀಲ್-ಆಫ್ ಹಚ್ಚಿಕೊಂಡು ಕೀಳಲು ನೋವಾಗುತ್ತಿರುವವರು ಎಳೆಯಬೇಡಿ; ಆ ಅಂಟು ನೀರಿನಲ್ಲಿ ಮೆತ್ತಗಾಗುವುದರಿಂದ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಒತ್ತಿ ಹಿಡಿದು, ಉಜ್ಜದೆ ಒರೆಸಿ ತೆಗೆಯಿರಿ.