ಪಂಪ್ ಅಫಿನಿಟಿ ನಿಯಮ: ಮೂರು ವರ್ಷ ಬಳಸಿದ ಮೇಲೆ ನನ್ನ ವಿಮರ್ಶೆ

ನಾನು ನೋಡಿಕೊಳ್ಳುವ ಪಂಪ್ ಮನೆಯಲ್ಲಿ ಒಂದೇ ಮಾದರಿಯ ಎರಡು ಸೆಂಟ್ರಿಫ್ಯೂಗಲ್ ಪಂಪ್‌ಗಳಿವೆ. ಎರಡೂ ಮೇಲಿನ ಟ್ಯಾಂಕ್‌ಗಳಿಗೆ ನೀರು ಏರಿಸುತ್ತವೆ, ಪ್ರತಿಯೊಂದಕ್ಕೂ ಬೇರೆ ಪೈಪ್‌ಲೈನ್ ಇದೆ. ಮೂರು ವರ್ಷದ ಹಿಂದೆ ಒಂದಕ್ಕೆ ವಿಎಫ್‌ಡಿ, ಅಂದರೆ ಮೋಟಾರ್ ವೇಗ ಬದಲಿಸುವ ಡ್ರೈವ್, ಹಾಕಿ ವೇಗ ಕಡಿಮೆ ಮಾಡಿದೆವು. ಒಂದು ವರ್ಷದ ನಂತರ ಇನ್ನೊಂದರ ಇಂಪೆಲ್ಲರನ್ನು, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರವನ್ನು, ಲೇತ್‌ನಲ್ಲಿ ಕಡಿಸಿದೆವು. ಎರಡಕ್ಕೂ ಲೆಕ್ಕ ಹಾಕಿದ್ದು ಅಫಿನಿಟಿ ನಿಯಮದಿಂದಲೇ.

ನಿಯಮ ಗೊತ್ತಿರುವಂಥದ್ದೇ. ಫ್ಲೋ ವೇಗದ ಜೊತೆ ನೇರವಾಗಿ ಬದಲಾಗುತ್ತದೆ, ಹೆಡ್, ಅಂದರೆ ಮೀಟರ್ ಎತ್ತರದಲ್ಲಿ ಹೇಳುವ ಒತ್ತಡ, ವೇಗದ ವರ್ಗದಂತೆ, ಪವರ್ ವೇಗದ ಘನದಂತೆ.

```
Q2/Q1 = N2/N1
H2/H1 = (N2/N1)^2
P2/P1 = (N2/N1)^3
```

ನಮ್ಮ ಪಂಪ್ ಪೂರ್ತಿ ವೇಗದಲ್ಲಿ ಗಂಟೆಗೆ 50 ಘನ ಮೀಟರ್ ನೀರನ್ನು 40 ಮೀಟರ್ ಹೆಡ್‌ನಲ್ಲಿ ಕೊಡುತ್ತದೆ. ಆಗ ಶಾಫ್ಟ್‌ಗೆ ಬೇಕಾದ ಪವರ್ ಸುಮಾರು 7.8 ಕಿಲೋವ್ಯಾಟ್. ವೇಗವನ್ನು 80%ಕ್ಕೆ ಇಳಿಸಿದರೆ ಏನಾಗುತ್ತದೆ ಎಂದು ನಿಯಮವನ್ನು ಕೇಳಿದರೆ ಬರುವ ಉತ್ತರ: 40 ಘನ ಮೀಟರ್, 25.6 ಮೀಟರ್, 4 ಕಿಲೋವ್ಯಾಟ್. ನೀರು ಐದರಲ್ಲಿ ಒಂದು ಪಾಲು ಕಡಿಮೆ, ಕರೆಂಟು ಅರ್ಧ. ಕೇಳೋದಕ್ಕೆ ಚೆನ್ನಾಗಿದೆ, ಅಲ್ವಾ? ನಾನೂ ಅದನ್ನೇ ಬರೆದುಕೊಂಡು ಡ್ರೈವ್ ಚಾಲೂ ಮಾಡಿದೆ. ಫ್ಲೋ ಮೀಟರ್ ತೋರಿಸಿದ್ದು 26.5.

ಮೊದಲು ಮೀಟರ್ ಕೆಟ್ಟಿದೆ ಅಂದುಕೊಂಡೆ. ಟ್ಯಾಂಕ್ ತುಂಬುವ ಸಮಯ ಅಳೆದು ನೋಡಿದೆ. ಮೀಟರ್ ಸರಿಯಾಗೇ ಇತ್ತು, ತಪ್ಪು ನನ್ನ ಲೆಕ್ಕದಲ್ಲಿತ್ತು.

ನೀರು 25 ಮೀಟರ್ ಎತ್ತರಕ್ಕೆ ಏರಬೇಕು. ಪಂಪ್ ಎಷ್ಟೇ ನಿಧಾನಕ್ಕೆ ತಿರುಗಲಿ, ಆ 25 ಮೀಟರ್ ಕಡಿಮೆ ಆಗೋದಿಲ್ಲ. ಉಳಿದ 15 ಮೀಟರ್ ಪೈಪಿನ ಘರ್ಷಣೆ, ಅದು ಮಾತ್ರ ಫ್ಲೋ ಜೊತೆ ಇಳಿಯುತ್ತದೆ. ಅಫಿನಿಟಿ ನಿಯಮಕ್ಕೆ ಈ ಪೈಪ್‌ಲೈನ್ ಗೊತ್ತೇ ಇಲ್ಲ. ಅದು ಹೇಳುವುದು ಪಂಪಿನ ಕರ್ವ್, ಅಂದರೆ ಎಷ್ಟು ಫ್ಲೋಗೆ ಎಷ್ಟು ಹೆಡ್ ಎಂದು ತೋರಿಸುವ ಗೆರೆ, ಎಲ್ಲಿಗೆ ಸರಿಯುತ್ತದೆ ಎಂದಷ್ಟೇ. ಸರಿದ ಕರ್ವ್ ಮತ್ತು ಪೈಪ್‌ಲೈನಿನ ಕರ್ವ್ ಸೇರುವ ಜಾಗದಲ್ಲಿ ಪಂಪ್ ಕೆಲಸ ಮಾಡುತ್ತದೆ. ಆ ಜಾಗವನ್ನು ನಾವೇ ಹುಡುಕಬೇಕು.

ಹುಡುಕುವುದು ಕಷ್ಟವಲ್ಲ. ನಮ್ಮ ಪಂಪಿಗೆ ವಾಲ್ವ್ ಪೂರ್ತಿ ಮುಚ್ಚಿದಾಗ 50 ಮೀಟರ್ ಹೆಡ್ ಬರುತ್ತದೆ. ಈ ಅಂಕಿಗಳಿಂದ ಎರಡು ಸಾಲು ಬರೆಯಬಹುದು. ಇಲ್ಲಿ r ಅಂದರೆ ವೇಗದ ಅನುಪಾತ.

```
H = 50*r^2 - 0.004*Q^2    (ಪಂಪ್)
H = 25 + 0.006*Q^2        (ಪೈಪ್‌ಲೈನ್)
```

r ಜಾಗದಲ್ಲಿ 0.8 ಹಾಕಿ ಎರಡನ್ನೂ ಸಮ ಮಾಡಿದರೆ Q 26.5, H 29.2. ಮೀಟರ್ ತೋರಿಸಿದ್ದೂ ಅದನ್ನೇ. ಅಂದರೆ ನಿಯಮ ಸುಳ್ಳು ಹೇಳಿರಲಿಲ್ಲ. ನಾನು ಅದನ್ನು ತಪ್ಪು ಬಿಂದುವಿಗೆ ಹಚ್ಚಿದ್ದೆ. ನೀರು ಬರೀ ಸುತ್ತುವ ಮುಚ್ಚಿದ ಲೂಪ್ ಆಗಿದ್ದರೆ, ಏರಿಸಬೇಕಾದ ಎತ್ತರ ಇಲ್ಲದ ಕಾರಣ, ನೇರ ಲೆಕ್ಕವೇ ಹೆಚ್ಚುಕಡಿಮೆ ಸರಿ ಬರುತ್ತಿತ್ತು.

ಇನ್ನು ಪವರ್ ವಿಷಯ. ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ, ಯಾಕಂದರೆ ಮೀಟರ್ ಖುಷಿ ಕೊಡುತ್ತದೆ. 80% ವೇಗದಲ್ಲಿ ನಮಗೆ ಬಿದ್ದಿದ್ದು ಸುಮಾರು 3.4 ಕಿಲೋವ್ಯಾಟ್, ನಿಯಮ ಹೇಳಿದ 4ಕ್ಕಿಂತಲೂ ಕಡಿಮೆ. ಆದರೆ ಟ್ಯಾಂಕ್ ತುಂಬಲು ಪಂಪ್ ಈಗ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಓಡಬೇಕು. ಹಾಗಾಗಿ ನೋಡಬೇಕಾದ್ದು ಒಂದು ಘನ ಮೀಟರ್ ನೀರಿಗೆ ಎಷ್ಟು ಯೂನಿಟ್ ಎಂದು. ಪೂರ್ತಿ ವೇಗದಲ್ಲಿ 0.156 ಯೂನಿಟ್. 80%ರಲ್ಲಿ 0.128. ನಾನು ಮೊದಲು ಹಾಕಿದ ಲೆಕ್ಕದ ಪ್ರಕಾರ 0.100 ಆಗಬೇಕಿತ್ತು. ಉಳಿತಾಯ ಇದೆ, ಆದರೆ ನಾನು ನಂಬಿದ್ದರ ಅರ್ಧ.

ಇನ್ನೂ ಇಳಿಸಿದರೆ ಉಳಿತಾಯ ಹೆಚ್ಚುತ್ತದೆ ಎಂಬ ಆಸೆಗೆ 72%ಕ್ಕೆ ಇಳಿಸಿ ನೋಡಿದೆ. ಫ್ಲೋ 10ಕ್ಕೂ ಕಡಿಮೆಯಾಯಿತು. ಪಂಪ್ ತನ್ನ ಒಳ್ಳೆಯ ಎಫಿಶಿಯನ್ಸಿ ಇರುವ ಭಾಗದಿಂದ ತುಂಬಾ ದೂರ ಹೋಗಿತ್ತು. ಘನ ಮೀಟರಿಗೆ 0.2 ಯೂನಿಟ್ ದಾಟಿತು, ಪೂರ್ತಿ ವೇಗಕ್ಕಿಂತಲೂ ದುಬಾರಿ. ನಮ್ಮ ಲೈನಿಗೆ 80%ರ ಸುತ್ತಮುತ್ತ ಒಳ್ಳೆಯ ಜಾಗ. ಬೇರೆ ಲೈನಿಗೆ ಬೇರೆ ಇರುತ್ತದೆ.

ಕೆಳಗಿನ ಮಿತಿಯನ್ನೂ ಅದೇ ಸೂತ್ರ ಹೇಳುತ್ತದೆ. 50*r^2 ಎಂಬುದು 25ಕ್ಕೆ ಇಳಿದಾಗ ನೀರು ನಿಲ್ಲುತ್ತದೆ. ಅದು 70.7% ವೇಗ. ನಮ್ಮ ಡ್ರೈವ್ ಹಾಕಿದವರು ಕನಿಷ್ಠ ವೇಗವನ್ನು 60% ಅಂತ ಬಿಟ್ಟು ಹೋಗಿದ್ದರು. ಒಂದು ರಾತ್ರಿ ಬೇಡಿಕೆ ಕಡಿಮೆಯಾದಾಗ ಪಂಪ್ 70%ಕ್ಕೆ ಇಳಿದು ಹಾಗೇ ಉಳಿಯಿತು. ಮೋಟಾರ್ ತಿರುಗುತ್ತಿತ್ತು, ಅಲಾರಂ ಇರಲಿಲ್ಲ, ಚೆಕ್ ವಾಲ್ವ್ ಮುಚ್ಚಿತ್ತು. ಬೆಳಿಗ್ಗೆ ಕೇಸಿಂಗ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಒಳಗಿನ ನೀರನ್ನೇ ಇಂಪೆಲ್ಲರ್ ರಾತ್ರಿಯಿಡೀ ಕಲಸಿತ್ತು. ಸೀಲ್ ಬದಲಿಸಬೇಕಾಯಿತು. ಈಗ ಕನಿಷ್ಠ ವೇಗ 76% ಇಟ್ಟಿದ್ದೇವೆ. ಅದಕ್ಕಿಂತ ಕಡಿಮೆ ನೀರು ಸಾಕಾದರೆ ಪಂಪ್ ಪೂರ್ತಿ ನಿಲ್ಲುತ್ತದೆ.

ಎರಡನೇ ಪಂಪಿನ ಕಥೆ ಬೇರೆ. ಅದರ ಲೈನೂ ಹೆಚ್ಚುಕಡಿಮೆ ಇಂಥದ್ದೇ, ಆದರೆ ಅಲ್ಲಿ ಯಾವಾಗಲೂ ಗಂಟೆಗೆ 40 ಘನ ಮೀಟರ್ ಸಾಕು. ವರ್ಷಗಟ್ಟಲೆ ವಾಲ್ವ್ ಅರ್ಧ ಮುಚ್ಚಿ ಓಡಿಸುತ್ತಿದ್ದೆವು. ಸುಮಾರು 9 ಮೀಟರ್ ಹೆಡ್ ಸುಮ್ನೆ ವಾಲ್ವಿನಲ್ಲೇ ಹೋಗುತ್ತಿತ್ತು. ಬೇಡಿಕೆ ಬದಲಾಗದ ಕಡೆ ಡ್ರೈವ್ ಬೇಡ, ಇಂಪೆಲ್ಲರ್ ಕಡಿದರೆ ಸಾಕು ಎಂದು ನಿರ್ಧರಿಸಿದೆವು.

ಇಂಪೆಲ್ಲರ್ ಕಡಿಯುವಾಗ ಅದೇ ನಿಯಮದಲ್ಲಿ ವೇಗದ ಜಾಗಕ್ಕೆ ವ್ಯಾಸ ಹಾಕುತ್ತಾರೆ. ಇಲ್ಲಿ 40 ಭಾಗಿಸು 50, ಅಂದರೆ 0.8, ಆದ್ದರಿಂದ 200 ಮಿಲಿಮೀಟರ್ ವ್ಯಾಸವನ್ನು 160ಕ್ಕೆ ಕಡಿ ಎಂದು ಹೇಳಿದವರೂ ಇದ್ದರು. ಹಾಗೆ ಮಾಡಿದ್ದರೆ ಇಂಪೆಲ್ಲರ್ ಗುಜರಿಗೆ ಹೋಗುತ್ತಿತ್ತು. ಸರಿಯಾದ ದಾರಿ ಹೀಗೆ: ನಮಗೆ ಬೇಕಾದ ಬಿಂದು 40 ಘನ ಮೀಟರ್, 34.6 ಮೀಟರ್. ಸೊನ್ನೆಯಿಂದ ಆ ಬಿಂದುವಿನ ಮೂಲಕ ಒಂದು ಪ್ಯಾರಾಬೋಲಾ ಎಳೆಯಬೇಕು. ಅದು ಹಳೆಯ ಕರ್ವನ್ನು 44.2ರಲ್ಲಿ ಮುಟ್ಟುತ್ತದೆ. 40 ಭಾಗಿಸು 44.2, ಅಂದರೆ 0.905. ವ್ಯಾಸ 181 ಮಿಲಿಮೀಟರ್.

ಆದರೆ 181ಕ್ಕೂ ನೇರವಾಗಿ ಕಡಿಸಲಿಲ್ಲ. ವೇಗ ಬದಲಿಸಿದಾಗ ಪಂಪಿನ ಆಕಾರ ಬದಲಾಗೋದಿಲ್ಲ. ವ್ಯಾಸ ಕಡಿದರೆ ಕೇಸಿಂಗ್ ಹಾಗೇ ಉಳಿದು, ಇಂಪೆಲ್ಲರ್ ಅಂಚಿಗೂ ಕೇಸಿಂಗಿಗೂ ನಡುವಿನ ಸಂದು ದೊಡ್ಡದಾಗುತ್ತದೆ, ಬ್ಲೇಡ್ ಗಿಡ್ಡವಾಗುತ್ತದೆ. ಅದಕ್ಕೇ ಹೆಡ್ ಸಾಮಾನ್ಯವಾಗಿ ನಿಯಮ ಹೇಳಿದ್ದಕ್ಕಿಂತ ಜಾಸ್ತಿ ಬೀಳುತ್ತದೆ, ಎಫಿಶಿಯನ್ಸಿಯೂ ಸ್ವಲ್ಪ ಇಳಿಯುತ್ತದೆ. ಲೆಕ್ಕದಲ್ಲಿ 19 ಮಿಲಿಮೀಟರ್ ಬಂದಿತ್ತು. ಅದರ 80%, ಅಂದರೆ 15 ಮಾತ್ರ ಕಡಿಸಿ, 185 ಉಳಿಸಿ, ಬ್ಯಾಲೆನ್ಸ್ ಮಾಡಿಸಿ ಹಾಕಿದೆವು. ನಿಯಮದ ಪ್ರಕಾರ 42.2 ಬರಬೇಕಿತ್ತು, ವಾಲ್ವ್ ಪೂರ್ತಿ ತೆರೆದಾಗ ಬಂದಿದ್ದು 40.6. ಅಲ್ಲಿಗೇ ನಿಲ್ಲಿಸಿದೆವು. 181ಕ್ಕೆ ಕಡಿದಿದ್ದರೆ 38ರ ಆಸುಪಾಸಿಗೆ ಬೀಳುತ್ತಿತ್ತು. ಡ್ರೈವಿನಲ್ಲಿ ಒಂದು ಬಟನ್ ಒತ್ತಿ ವೇಗ ಏರಿಸಬಹುದು. ಕಡಿದ ಲೋಹವನ್ನು ಮತ್ತೆ ಅಂಟಿಸಲು ಆಗೋದಿಲ್ಲ.

ಆ ಇಂಪೆಲ್ಲರ್ ಎರಡು ವರ್ಷದಿಂದ ಓಡುತ್ತಿದೆ. ಫ್ಲೋ ಈಗ 40.1ಕ್ಕೆ ಬಂದಿದೆ. ವೇರ್ ರಿಂಗ್ ಸವೆದಿರಬೇಕು, ಮುಂದಿನ ಸಲ ಬಿಚ್ಚಿದಾಗ ಅಳೆದು ನೋಡುತ್ತೇನೆ.