ಕೀಲಿಗೆ ಸಿಕ್ಕಿಸಿದ ಸರಳು: ಶಕ್ತಿಯ ದಾರಿಯೋ, ಟಾರ್ಕಿನ ದಾರಿಯೋ?

ಎಲ್ಲೆಡೆ ಒಂದೇ ದಪ್ಪದ ಸರಳು. ಉದ್ದ L = 1 ಮೀಟರ್, ದ್ರವ್ಯರಾಶಿ M = 2 ಕೆಜಿ. ಒಂದು ತುದಿ ಘರ್ಷಣೆಯಿಲ್ಲದ ಕೀಲಿನಲ್ಲಿದೆ. ಅಡ್ಡಲಾಗಿ ಹಿಡಿದು ಬಿಟ್ಟರೆ, ನೇರ ಕೆಳಗೆ ಬಂದ ಕ್ಷಣದಲ್ಲಿ ಕೋನೀಯ ವೇಗ ಎಷ್ಟು, ಕೀಲಿನ ಬಲ ಎಷ್ಟು? ಇದನ್ನು ಎರಡು ದಾರಿಯಲ್ಲೂ ಮಾಡಿ ನೋಡಿದ್ದೇವೆ.

ಶಕ್ತಿಯ ದಾರಿ ಒಂದೇ ಸಾಲಿನದು. ಸರಳಿನ ಮಧ್ಯಬಿಂದು L/2 ಕೆಳಗಿಳಿಯುತ್ತದೆ:

MgL/2 = ½(ML²/3)ω², ಆದ್ದರಿಂದ ω² = 3g/L

g = 9.8 ಹಾಕಿದರೆ ω ಸೆಕೆಂಡಿಗೆ ಸುಮಾರು 5.42 ರೇಡಿಯನ್. ಎಡವುವುದು ಬಲಬದಿಯಲ್ಲಿ. ಇಡೀ ದ್ರವ್ಯರಾಶಿ ಮಧ್ಯದಲ್ಲೇ ಇದೆ ಎಂದುಕೊಂಡು ½M(ωL/2)² ಬರೆದರೆ ω² = 4g/L ಆಗಿ 6.26 ಬರುತ್ತದೆ. ಸರಳು ತನ್ನ ಮಧ್ಯದ ಸುತ್ತಲೂ ತಿರುಗುತ್ತಿದೆ. ಅದರ ಪಾಲು ML²/12 ಬಿಟ್ಟುಹೋಯಿತು.

ಟಾರ್ಕಿನ ದಾರಿಯಲ್ಲಿ, ಅಡ್ಡ ಸ್ಥಿತಿಯಿಂದ θ ಕೋನ ಇಳಿದಾಗ

α = (3g/2L) cos θ

ಇದನ್ನು ω dω = α dθ ಎಂದು ಬರೆದು 0ಯಿಂದ 90° ವರೆಗೆ ಸಮಾಕಲಿಸಿದರೆ ಅದೇ 3g/L. ಉತ್ತರ ಒಂದೇ, ಅಪಾಯ ಮಾತ್ರ ಹೆಚ್ಚು. ಬಿಟ್ಟ ಕ್ಷಣದ α = 3g/2L ಕೊನೆವರೆಗೂ ಬದಲಾಗದು ಎಂದುಕೊಂಡು ω² = 2αθ ಹಾಕಿದರೆ 6.80 ಸಿಗುತ್ತದೆ. ಉತ್ತರದಲ್ಲಿ π ಕಂಡರೆ ಆ ತಪ್ಪು ನುಸುಳಿದೆ ಅಂತಲೇ ಲೆಕ್ಕ.

ಕೀಲಿನ ಬಲ ಮಾತ್ರ ಶಕ್ತಿಯ ಸಮೀಕರಣದಿಂದ ಹುಟ್ಟುವುದಿಲ್ಲ. ಕೀಲು ಕದಲುವುದೇ ಇಲ್ಲವಲ್ಲ, ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಯಾವ ದಾರಿ ಹಿಡಿದರೂ ಮಧ್ಯಬಿಂದುವಿಗೆ ನ್ಯೂಟನ್ನನ ನಿಯಮ ಬರೆಯಲೇಬೇಕು:

N − Mg = Mω²(L/2) = 3Mg/2, ಅಂದರೆ N = 5Mg/2

ನಮ್ಮ ಸರಳಿಗೆ 49 ನ್ಯೂಟನ್, ಮೇಲ್ಮುಖವಾಗಿ. ಇಲ್ಲಿ L/2 ಬದಲು L ಹಾಕಿ 4Mg ಬರೆಯುವವರು ಬಹಳ. ತುದಿಯ ವೇಗೋತ್ಕರ್ಷ ನಮಗೆ ಬೇಡ, ದ್ರವ್ಯರಾಶಿ ಕೇಂದ್ರದ್ದು ಬೇಕು. ಅಡ್ಡಡ್ಡ ಬಲ ಸೊನ್ನೆ ಏಕೆ? ಆ ಕ್ಷಣ ತೂಕದ ರೇಖೆ ಕೀಲಿನ ಮೂಲಕವೇ ಹಾಯುತ್ತದೆ. ಟಾರ್ಕ್ ಇಲ್ಲ, α ಇಲ್ಲ, ಮಧ್ಯಬಿಂದುವಿಗೆ ಅಡ್ಡ ವೇಗೋತ್ಕರ್ಷವೂ ಇಲ್ಲ.

ನೇರ ಸ್ಥಿತಿಯೊಂದೇ ಕೇಳಿದ್ದರೆ ಶಕ್ತಿಯ ದಾರಿಯೇ ಸಾಕು. ನಡುವಿನ ಕೋನ ಕೇಳಿದರೆ ಎರಡನ್ನೂ ಬೆರೆಸುವುದು ನಮಗೆ ಒಗ್ಗಿದ ಕ್ರಮ: ω² ಶಕ್ತಿಯಿಂದ, α ಟಾರ್ಕಿನಿಂದ, ಸಮಾಕಲನದ ಗೊಡವೆಯೇ ಇಲ್ಲ. ಆಗ ಸರಳಿನುದ್ದಕ್ಕೆ (5/2)Mg sin θ, ಅದಕ್ಕೆ ಲಂಬವಾಗಿ ¼Mg cos θ. ಸರಳು 30° ಇಳಿದಾಗ ಇವು 24.5 ಮತ್ತು 4.24 ನ್ಯೂಟನ್. θ = 0 ಹಾಕಿ ತಾಳೆ ನೋಡಬಹುದು: ಬಿಟ್ಟ ಕ್ಷಣದಲ್ಲಿ ಕೀಲು ಹೊರುವುದು ತೂಕದ ಕಾಲು ಭಾಗ, 4.9 ನ್ಯೂಟನ್ ಅಷ್ಟೇ.

ಕೀಲಿನಲ್ಲಿ ಸ್ಥಿರ ಘರ್ಷಣಾ ಟಾರ್ಕ್ τ ಇದ್ದರೂ ಶಕ್ತಿಯ ದಾರಿ ಸೋಲದು, ಎಡಬದಿಯಲ್ಲಿ τπ/2 ಕಳೆದರಾಯಿತು. ಗ್ರೀಸಿನ ಎಳೆತದಂತೆ ಘರ್ಷಣೆ ವೇಗದ ಜೊತೆ ಏರಿದರೆ ಮಾತ್ರ ಟಾರ್ಕ್ ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಬೇಕಾಗುತ್ತದೆ.