ಮೋಲ್ಡ್ ಆಗಿದೆ ಅಂತ ಫೋಟೋ ಬಂತು, ದುಡ್ಡು ಕಳಿಸಿದೆ. ಮೋಲ್ಡೇ ಆಗಿರಲಿಲ್ಲ

ಹೊರದೇಶದಲ್ಲಿ ಕೂತು ಊರಿನಲ್ಲಿ ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಯಾಕೆಂದರೆ ನಾನು ಮಸ್ಕತ್‌ನಲ್ಲಿ ಮಾಡುವ ಕೆಲಸವೇ ಅಕೌಂಟ್ಸ್. ಬೇರೆಯವರು ಕೊಟ್ಟ ಬಿಲ್ಲು ಸರಿ ಇದೆಯಾ ಅಂತ ನೋಡುವುದಕ್ಕೇ ನನಗೆ ಸಂಬಳ. ಸ್ವಂತ ಮನೆಯ ಬಿಲ್ಲಿಗೆ ಮಾತ್ರ ಕಣ್ಣು ಮುಚ್ಚಿಕೊಂಡೆ.

ಶಿವಮೊಗ್ಗದಲ್ಲಿ ನಮ್ಮದು 30x40 ಸೈಟು. ಎರಡು ಮಹಡಿ ಸೇರಿ 16 ಚದರ, ಅಡಿಗೆ 2,000 ರೂಪಾಯಿಯಂತೆ ಒಟ್ಟು 32 ಲಕ್ಷಕ್ಕೆ ಮಾತಾಗಿತ್ತು. ಹಂತ ಹಂತವಾಗಿ ದುಡ್ಡು, ನಿಮಗೆಲ್ಲ ಗೊತ್ತಿರುವ ರೀತಿಯೇ. ಅಡ್ವಾನ್ಸ್ 10 ಪರ್ಸೆಂಟ್, ಪಾಯ ಮುಗಿದಾಗ 15, ಕೆಳಗಿನ ಮೋಲ್ಡಿಗೆ 20, ಹೀಗೆ. ಕಂಟ್ರಾಕ್ಟರ್ ತಿಂಗಳಿಗೊಂದು ಮೇಲ್ ಕಳಿಸುತ್ತಿದ್ದರು. ಏನಾಯಿತು, ಎಷ್ಟು ಕೊಡಬೇಕು, ಕೆಳಗೆ ಫೋಟೋಗಳು. ತುಂಬ ಅಚ್ಚುಕಟ್ಟು. ಅಮ್ಮನಿಗೆ ಓದಿ ಹೇಳುತ್ತಿದ್ದೆ, "ನೋಡಮ್ಮ, ಎಷ್ಟು ನೀಟಾಗಿ ಲೆಕ್ಕ ಕೊಡ್ತಾರೆ" ಅಂತ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

2025ರ ಜುಲೈ ಮೇಲ್‌ನಲ್ಲಿ ಹೀಗಿತ್ತು: "ಗ್ರೌಂಡ್ ಫ್ಲೋರ್ ರೂಫ್ ಸ್ಲ್ಯಾಬ್ ಹಂತ. ಕೊಡಬೇಕಾದ ಮೊತ್ತ 6,40,000. ಮೂರು ದಿನದೊಳಗೆ ಕಳಿಸಿ, ಕಬ್ಬಿಣದ ರೇಟ್ ಏರುತ್ತಿದೆ." ಜೊತೆಗೆ 14 ಫೋಟೋ. ಮೊದಲ ಒಂಬತ್ತು ನಮ್ಮದೇ ಸೈಟಿನವು. ಪಿಲ್ಲರ್‌ಗಳು, ಪಕ್ಕದ ಮನೆಯ ಹಸಿರು ಗೋಡೆ, ನಾನೇ ಆರಿಸಿದ ಜಾಗದಲ್ಲಿ ಸಂಪು. ಕೊನೆಯ ಐದರಲ್ಲಿ ಮೋಲ್ಡ್. ಕಂಬಿ ಕಟ್ಟಿದ್ದು, ಕಾಂಕ್ರೀಟ್ ಹಾಕುತ್ತಿರುವುದು, ಆಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ದು. ಮೊದಲ ಒಂಬತ್ತು ನಮ್ಮದು ಅಂದ ಮೇಲೆ ಉಳಿದ ಐದೂ ನಮ್ಮದೇ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಅದೇ ರಾತ್ರಿ ಎನ್‌ಆರ್‌ಇ ಖಾತೆಯಿಂದ ಪೂರ್ತಿ ದುಡ್ಡು ಹಾಕಿದೆ. ಅದೇ ರಾತ್ರಿ! ಮೂರು ದಿನ ಇದ್ದರೂ ಕಾಯಲಿಲ್ಲ.

ಹನ್ನೆರಡು ದಿನ ಕಳೆದಿತ್ತು. ಚಿಕ್ಕಪ್ಪನ ಮಗ ತನ್ನ ಮದುವೆ ಪತ್ರಿಕೆ ಹಂಚುತ್ತಾ ಆ ಕಡೆ ಹೋಗಿದ್ದಾನೆ. ಫೋನ್ ಮಾಡಿ, "ಅಕ್ಕಾ, ಮೋಲ್ಡ್ ಆಯ್ತು ಅಂದಿದ್ಯಲ್ಲ, ಯಾವ ಮನೇದು?" ಅಂದ. ತಮಾಷೆ ಅಂದುಕೊಂಡೆ. ವಿಡಿಯೋ ಹಾಕಿದ. ಪಿಲ್ಲರ್ ನಿಂತಿವೆ, ತಲೆಯ ಮೇಲೆ ಕಂಬಿಗಳು ತುಕ್ಕು ಹಿಡಿದು ಮಳೆಯಲ್ಲಿ ನೆನೆಯುತ್ತಿವೆ. ಮೇಲೆ ಆಕಾಶ. ಸೆಂಟ್ರಿಂಗ್ ಹಲಗೆ ಒಂದೂ ಇಲ್ಲ. ಒಂದೂ ಇಲ್ಲ! ಆಫೀಸಿನ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟೆ.

ಆಮೇಲೆ ಆ ಐದು ಫೋಟೋ ತೆಗೆದು ನೋಡಿದರೆ ಕಣ್ಣಿಗೆ ಹೊಡೆಯುವ ಹಾಗಿತ್ತು. ಜುಲೈ ತಿಂಗಳು, ಶಿವಮೊಗ್ಗದಲ್ಲಿ ಮಳೆ ಸುರಿಯುತ್ತಿದೆ, ಫೋಟೋದಲ್ಲಿ ಕೆಂಪು ಧೂಳು ಹಾರುತ್ತಿದೆ. ನಮ್ಮ ಪ್ಲಾನಿನಲ್ಲಿ ಮೆಟ್ಟಿಲಿಗೆ ಬಿಟ್ಟ ಜಾಗ ಮುಂದೆ ಎಡಕ್ಕೆ, ಅಲ್ಲಿ ಹಿಂದೆ ಬಲಕ್ಕೆ ಇದೆ. ಪಕ್ಕದ ಹಸಿರು ಗೋಡೆ ಎಲ್ಲೂ ಇಲ್ಲ. ಇದೆಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಫೈಲಿನ ಹೆಸರು: IMG-20250308-WA0017.jpg. ವಾಟ್ಸಾಪ್‌ನಲ್ಲಿ ಬಂದ ಫೋಟೋಗೆ ಆಂಡ್ರಾಯ್ಡ್ ಫೋನಿನಲ್ಲಿ ಹೀಗೆ ಹೆಸರು ಬೀಳುತ್ತದೆ, ನಡುವೆ ಇರುವುದು ಅದು ಬಂದ ತಾರೀಕು. ಅಂದರೆ ಮಾರ್ಚ್ 8. ಆಗ ನಮ್ಮ ಪಾಯವೇ ತೋಡಿರಲಿಲ್ಲ. (ಹೆಸರಿನಲ್ಲಿ ಹೊಸ ತಾರೀಕು ಇದ್ದರೆ ಫೋಟೋ ಹೊಸದು ಅಂತ ಮಾತ್ರ ತಿಳಿಯಬೇಡಿ. ಹಳೆಯದನ್ನು ಇವತ್ತು ಫಾರ್ವರ್ಡ್ ಮಾಡಿದರೆ ಇವತ್ತಿನ ತಾರೀಕೇ ಬೀಳುತ್ತದೆ.)

ಇನ್ನು ಅವರ ಉತ್ತರಗಳು. ಮೊದಲು, "ಮೇಡಂ, ಆಫೀಸ್ ಹುಡುಗಿ ತಪ್ಪು ಫೋಟೋ ಹಾಕಿದಾಳೆ." ಸರಿ, ಹಾಗಾದರೆ ಸರಿಯಾದ ಫೋಟೋ ಕಳಿಸಿ ಅಂದೆ. ಎರಡು ದಿನ ಫೋನ್ ಎತ್ತಲಿಲ್ಲ. ಆಮೇಲೆ, "ಅದು ರೆಫರೆನ್ಸ್ ಫೋಟೋ ಮೇಡಂ. ನಿಮ್ಮ ಮೋಲ್ಡ್ ಹೇಗೆ ಬರುತ್ತೆ ಅಂತ ತೋರಿಸೋಕೆ." ರೆಫರೆನ್ಸ್ ಅಂತೆ! 6,40,000ದ ರೆಫರೆನ್ಸ್! ಆಮೇಲೆ, "ಮಳೆ ಮೇಡಂ, ನಾವೇನ್ ಮಾಡೋದು." ಆಮೇಲೆ ನನಗೇ ಬೈಗುಳ: "ತಮ್ಮನ್ನ ಕಳಿಸಿ ಚೆಕ್ ಮಾಡಿಸ್ತೀರ, ನಂಬಿಕೆ ಇಲ್ಲಾಂದ್ರೆ ಹೇಗೆ ಕೆಲಸ ಮಾಡೋದು?"

ಕೊನೆಯ ಉತ್ತರ ಮಾತ್ರ ನನ್ನ ಬಾಯಿ ಮುಚ್ಚಿಸಿತು. "ಅಗ್ರಿಮೆಂಟ್ ಓದಿ ಮೇಡಂ. ರೂಫ್ ಸ್ಲ್ಯಾಬ್ ಹಂತ ಅಂತಿದೆ. ಮುಗಿದ ಮೇಲೆ ಅಂತ ಎಲ್ಲಿದೆ?" ತೆಗೆದು ಓದಿದೆ. ಪಾಯಕ್ಕೆ "ಮುಗಿದಾಗ" ಅಂತ ಇದೆ. ಮೋಲ್ಡಿಗೆ "ಹಂತದಲ್ಲಿ" ಅಂತ ಅಷ್ಟೇ. ಶುರುವೋ, ಕೊನೆಯೋ? ಇಲ್ಲ. ಮೇಲ್ ಮತ್ತೆ ಓದಿದೆ. ಅದರಲ್ಲೂ "ಆಗಿದೆ" ಅನ್ನುವ ಪದ ಇಲ್ಲ. "ಹಂತ" ಅಂತ ಬರೆದು, ಕೆಳಗೆ ಬೇರೆಯವರ ಮನೆಯ ಮೋಲ್ಡ್ ಅಂಟಿಸಿ, ಸುಳ್ಳು ಹೇಳುವ ಕೆಲಸವನ್ನು ಫೋಟೋಗೆ ಬಿಟ್ಟಿದ್ದಾರೆ. ನಮ್ಮ ದುಡ್ಡು ಎಲ್ಲಿ ಹೋಯಿತು ಅಂತ ಅವರ ಮೇಸ್ತ್ರಿಯೇ ಆಮೇಲೆ ಬಾಯಿ ಬಿಟ್ಟ. ಇನ್ನೊಂದು ಸೈಟಿನಲ್ಲಿ ಕೆಲಸ ನಿಂತಿತ್ತಂತೆ, ಅಲ್ಲಿಗೆ ಹೋಯಿತಂತೆ.

ಜಗಳ ಆಡಿ, ಚಿಕ್ಕಪ್ಪ ಮಧ್ಯೆ ಕೂತು, ಕೊನೆಗೆ ಸೆಪ್ಟೆಂಬರ್‌ನಲ್ಲಿ ಮೋಲ್ಡಿಗೆ ಕಂಬಿ ಕಟ್ಟಿದರು. ಈ ಸಲ ನಾವೇ ಬೇರೆ ಎಂಜಿನಿಯರ್ ಒಬ್ಬರನ್ನು ಕರೆಸಿದೆವು, ಒಂದು ಭೇಟಿಗೆ 2,000 ಕೊಟ್ಟು. ಡ್ರಾಯಿಂಗಿನಲ್ಲಿ ಆರು ಇಂಚಿಗೊಂದು ಕಂಬಿ. ಹಾಲಿನ ಒಂದು ಮೂಲೆಯಲ್ಲಿ ಟೇಪ್ ಹಿಡಿದರೆ ಎಂಟು ಇಂಚು! ಕೆಲವು ಕಡೆ ಕವರ್ ಬ್ಲಾಕ್ ಇಲ್ಲದೆ ಕಂಬಿ ನೇರ ಹಲಗೆಗೇ ಕೂತಿತ್ತು. ಹಾಗೇ ಬಿಟ್ಟಿದ್ದರೆ ಕಂಬಿಗೆ ಕೆಳಗಿನಿಂದ ಕಾಂಕ್ರೀಟಿನ ಹೊದಿಕೆಯೇ ಇರುತ್ತಿರಲಿಲ್ಲ. ನಾಲ್ಕೈದು ವರ್ಷಕ್ಕೆ ತುಕ್ಕು ಹಿಡಿದು ಸೀಲಿಂಗ್ ಉದುರುವುದು ಇದರಿಂದಲೇ. ಎಲ್ಲ ಬಿಚ್ಚಿಸಿ ಮತ್ತೆ ಕಟ್ಟಿಸಿದರು.

ಆಗ ಒಂದು ವಿಷಯ ಹೊಳೆಯಿತು. ಜುಲೈನ ಫೋಟೋ ನಿಜವಾಗಿ ನಮ್ಮ ಮನೆಯದೇ ಆಗಿದ್ದರೂ ನಾನು ಮೋಸ ಹೋಗುತ್ತಿದ್ದೆ. ಮೋಲ್ಡ್ ಮೇಲೆ ನೀರು ನಿಂತ ಫೋಟೋದಲ್ಲಿ ಏನು ಕಾಣುತ್ತದೆ? ನೀರು. ಕಂಬಿ ಆರು ಇಂಚಿಗಿದೆಯೋ ಎಂಟಕ್ಕಿದೆಯೋ ಒಳಗೆ ಹೂತುಹೋಗಿರುತ್ತದೆ. ಹಾಗಾಗಿ ಕಾಂಕ್ರೀಟ್ ಹಾಕುವ ಹಿಂದಿನ ದಿನದ ಫೋಟೋ ಕೇಳಿ, ಕಂಬಿಯ ಮೇಲೆ ಟೇಪ್ ಇಟ್ಟು ತೆಗೆದದ್ದು. ಫೋಟೋಗಿಂತ ವಿಡಿಯೋ ಕಾಲ್ ಮೇಲು. ರಸ್ತೆಯಿಂದ ಶುರು ಮಾಡಿ, ಪಕ್ಕದ ಮನೆ ತೋರಿಸಿ, ಒಳಗೆ ನಡೆದುಕೊಂಡು ಬರಲಿ. ಅಗ್ರಿಮೆಂಟಿನಲ್ಲಿ "ಹಂತ" ಅಂತ ಪದವೇ ಬೇಡ. ನಾನು ಈಗ ಮಾಡಿಸಿಕೊಂಡಿರುವುದು ಹೀಗೆ: ಕಂಬಿ ಕಟ್ಟಿ ನಮ್ಮ ಎಂಜಿನಿಯರ್ ನೋಡಿದ ಮೇಲೆ ಅರ್ಧ, ಸೆಂಟ್ರಿಂಗ್ ಬಿಚ್ಚಿದ ಮೇಲೆ ಇನ್ನರ್ಧ. ಬಿಚ್ಚುವುದಕ್ಕೂ ಅವಸರ ಮಾಡುತ್ತಾರೆ, ಹಲಗೆ ಬೇರೆ ಸೈಟಿಗೆ ಬೇಕಲ್ಲ! ನಮ್ಮ ಹಾಲ್ ನಾಲ್ಕೂವರೆ ಮೀಟರ್‌ಗಿಂತ ಅಗಲ, ಅದಕ್ಕೆ ಕೆಳಗಿನ ಆಸರೆ ಕಂಬಗಳನ್ನು 14 ದಿನ ತೆಗೆಯಬಾರದು ಅಂದರು ಎಂಜಿನಿಯರ್. ಇವರು ಎಂಟನೇ ದಿನವೇ ಬಂದು ನಿಂತಿದ್ದರು.

ಕಂಟ್ರಾಕ್ಟರ್‌ನ ಯಾಕೆ ಬಿಡಿಸಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅರ್ಧ ಕಟ್ಟಿದ ಮನೆಗೆ ಬೇರೆಯವರು ಕೈ ಹಾಕಲ್ಲ, ಹಾಕಿದರೆ ಜಾಸ್ತಿ ಕೇಳುತ್ತಾರೆ. ಸಹಿಸಿಕೊಂಡಿದ್ದೇನೆ. ಮೇಲ್ ಈಗಲೂ ಬರುತ್ತದೆ. ಹೋದ ವಾರದ್ದರಲ್ಲಿ 14 ಫೋಟೋ ಇತ್ತು. ಪ್ರತಿಯೊಂದರ ಕೆಳಗೂ ಬರೆದಿದ್ದಾರೆ: "ಇದು ನಿಮ್ಮದೇ ಸೈಟ್ ಮೇಡಂ."